ಹನ್ನೊಂದರ ಮಗ್ಗಿ

ಸರ್ವಮಂಗಳಮ್ಮನವರನ್ನು ಊರಿನವರು ಕಲ್ಲೆದೆಯವಳು ಎಂದು ತೀರ್ಮಾನಿಸಿಬಿಟ್ಟಿದ್ದರು. ಗಂಡ ಸತ್ತಾಗ ಆಕೆ ಅಳಲಿಲ್ಲ ಎಂಬುದೇ ಅಪರಾಧ. ನಮ್ಮ ಕಡೆ ಸತ್ತ ಮನೆಗೆ ಹೋದವರು ಹೆಣ ನೋಡುವುದಕ್ಕಿಂತ ಹೆಚ್ಚಾಗಿ ಹೆಂಡತಿಯ ಮುಖ ನೋಡುತ್ತಾರೆ. ಆ ಮುಖದಲ್ಲಿ ಏನೂ ಕಾಣದಿದ್ದರೆ ಮನೆಗೆ ಬಂದು ಮಾತು ಕಟ್ಟುತ್ತಾರೆ. ನನಗೆ ಅಂಥವರನ್ನು ಕಂಡರೆ ಮೈ ಉರಿಯುತ್ತದೆ. ನಾನು ಅವರ ಪಕ್ಕದ ಮನೆಯವನು. ಆಕೆಯ ಸ್ಥಿತಿ ಏನೆಂದು ನನಗೂ ನನ್ನ ಹೆಂಡತಿ ಮೀನಾಕ್ಷಮ್ಮನಿಗೂ ಗೊತ್ತಿತ್ತು.

ದಂಡಿನಶಿವರದಿಂದ ಸ್ವಲ್ಪ ಒಳಗಿರುವ ನಮ್ಮ ಪ್ರೌಢಶಾಲೆಯಲ್ಲಿ ನಾನು ಕನ್ನಡ ಪಂಡಿತ, ಆಕೆಯ ಗಂಡ ತೋಂಟದಾರ್ಯ ಗಣಿತದ ಮೇಷ್ಟ್ರು. ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲದಲ್ಲಿ ಅವರಿಗೆ ಕಾಮಾಲೆಯಾಯಿತು. ಸೋಮವಾರ ಸುಸ್ತು ಅಂದರು. ಮಂಗಳವಾರ ಕಣ್ಣು ಹಳದಿಯಾಯಿತು. ಊರಿನವರ ಮಾತು ಕೇಳಿ ಆಕೆ ಬೇರಿನ ಔಷಧಿ ಕುಡಿಸಿದರು. ಶುಕ್ರವಾರ ತುಮಕೂರಿಗೆ ಕರೆದುಕೊಂಡು ಹೋದೆವು, ಅಲ್ಲಿಂದ ಜೀವಂತವಾಗಿ ವಾಪಸ್ ತರಲಾಗಲಿಲ್ಲ. ಡಾಕ್ಟರು ನನ್ನೆದುರಿಗೇ ಆಕೆಗೆ ಬಿಡಿಸಿ ಹೇಳಿದರು: ಕಣ್ಣು ಹಳದಿಯಾಗುವ ಹೊತ್ತಿಗೇ ಪಿತ್ತಜನಕಾಂಗದ ಕೆಲಸ ಮುಗಿದಿತ್ತು, ಮಂಗಳವಾರ ತಂದಿದ್ದರೂ ಇಷ್ಟೇ. ಆಕೆ ತಲೆಯಾಡಿಸಿದರು.

ಆದರೆ ಊರಿಗೆ ಬಂದ ಮೇಲೆ ಶುರುವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಿತ್ತಿಲ ಗೋಡೆಯ ಹತ್ತಿರ ಬಂದು ನಿಲ್ಲುತ್ತಿದ್ದರು. ಮಂಗಳವಾರವೇ ಹೋಗಿದ್ದರೆ ಹೇಗೆ ಎಂದು ಕೇಳುತ್ತಿದ್ದರು. ನಾನು ಡಾಕ್ಟರ ಮಾತನ್ನು ನೆನಪಿಸುತ್ತಿದ್ದೆ. ಸರಿ ಎಂದು ಹೋಗುತ್ತಿದ್ದರು. ಮರುದಿನ ಬುಧವಾರದ ಸರದಿ. ಅದರ ಮರುದಿನ ಆ ಬೇರಿನದು. ಆಮೇಲೆ ಮತ್ತೆ ಮಂಗಳವಾರ. ದನಿಯಲ್ಲಿ ದುಃಖವೂ ಇರುತ್ತಿರಲಿಲ್ಲ, ಸಿಟ್ಟೂ ಇರುತ್ತಿರಲಿಲ್ಲ. ಸೊಪ್ಪಿನ ಬೆಲೆ ಕೇಳಿದ ಹಾಗೆ ಕೇಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದು ನನಗೆ ಅಳುವನ್ನು ಕೇಳಿಸಿಕೊಳ್ಳುವುದಕ್ಕಿಂತ ಕಷ್ಟವಾಗುತ್ತಿತ್ತು.

ಆಕೆಯೂ ಬಿ.ಎಸ್ಸಿ., ಬಿ.ಎಡ್. ಮಾಡಿದವರು. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷ ಬೆಟ್ಟಸ್ವಾಮಿ, ಕೊಬ್ಬರಿ ಮಂಡಿಯವರು, ಗಂಡನ ಪೀರಿಯಡ್ಡುಗಳನ್ನು ತಾತ್ಕಾಲಿಕವಾಗಿ ಆಕೆಗೇ ಕೊಟ್ಟರು. ಪುಣ್ಯದ ಕೆಲಸ ಅನ್ನಿ. ಆದರೆ ಬೆಟ್ಟಸ್ವಾಮಿ ಕೊಬ್ಬರಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಕೊಳ್ಳುವವರಲ್ಲ. ವಿಷಯ ಪರಿವೀಕ್ಷಕರು ಬಂದು ಪಾಠ ನೋಡಲಿ, ಅವರು ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಬೇರೆಯವರನ್ನು ತರುತ್ತೇವೆ ಎಂದರು. ಕೆಲಸ ಹೋದರೆ ಆಕೆ ಚಿಕ್ಕನಾಯಕನಹಳ್ಳಿಯ ಅಣ್ಣನ ಮನೆಗೆ ಹೋಗಬೇಕು. ಆ ಅಣ್ಣ ಆಗಲೇ ಬಂದು, ಒಲೆ ಮುಂದೆ ಒಬ್ಬರಿಗೆ ಜಾಗ ಇದೆ ಎಂದು ಹೇಳಿ ಹೋಗಿದ್ದ. ತಂಗಿ ಎಂದು ಕರೆದೂ ಅಂಥ ಮಾತಾಡುವವನನ್ನು ಏನನ್ನಬೇಕು? ನಾನು ಆಕೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಯಾವುದಾದರೂ ಸರಿ ಎಂದರು. ಅದು ವೈರಾಗ್ಯವಲ್ಲ. ಮರಗಟ್ಟಿದ ಕಾಲಿಗೆ ಮುಳ್ಳು ಯಾವುದು, ಹುಲ್ಲು ಯಾವುದು ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಪರಿವೀಕ್ಷಕರು ಬರುವ ದಿನ ಎಂಟನೇ ತರಗತಿಗೆ ಅವಿಭಾಜ್ಯ ಸಂಖ್ಯೆಗಳ ಪಾಠವಿತ್ತು. ಒಂದನ್ನು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಗಳು ಎಂಬಷ್ಟು ಮಾತ್ರ ನನಗೆ ಗೊತ್ತು. ತೋಂಟದಾರ್ಯರು ಈ ಪಾಠವನ್ನು ಬೋರ್ಡಿನ ಮೇಲೆ ಮಾಡುತ್ತಿರಲಿಲ್ಲ. ಬೆಟ್ಟಸ್ವಾಮಿಯ ಮಂಡಿಯಿಂದ ಒಂದು ಮೂಟೆ ಕರಟ ತರಿಸಿ, ಆಟದ ಬಯಲಿನಲ್ಲಿ ಸಾಲಿಗೆ ಹತ್ತರಂತೆ ಹತ್ತು ಸಾಲು ಅಂಗಾತ ಇಡಿಸುತ್ತಿದ್ದರು. ಒಂದೊಂದು ಕರಟ ಒಂದೊಂದು ಸಂಖ್ಯೆ. ಸಾಲಿನ ಕೊನೆಯಲ್ಲಿ ಸುಣ್ಣದಿಂದ ಹತ್ತು, ಇಪ್ಪತ್ತು ಎಂದು ನೂರರ ತನಕ ಬರೆದಿರುತ್ತಿದ್ದರು. ಒಂದರ ಕರಟವನ್ನು ಮೊದಲೇ ಎತ್ತಿ ಪಕ್ಕಕ್ಕಿಡುವುದು. ಆಮೇಲೆ ಎರಡನ್ನು ಹಾಗೇ ಬಿಟ್ಟು, ಎರಡರ ಮಗ್ಗಿಯಲ್ಲಿ ಬರುವ ನಾಲ್ಕು, ಆರು, ಎಂಟು ಎಲ್ಲವನ್ನೂ ಬೋರಲು ಹಾಕುವುದು. ಮೂರನ್ನು ಬಿಟ್ಟು ಮೂರರ ಮಗ್ಗಿ. ನಾಲ್ಕು ಆಗಲೇ ಬೋರಲು ಬಿದ್ದಿರುವುದರಿಂದ ಅದರ ಗೊಡವೆಯಿಲ್ಲ. ಮುಂದೆ ಅಂಗಾತ ಇರುವುದು ಐದು, ಆಮೇಲೆ ಏಳು. ಅಲ್ಲಿಗೆ ನಿಲ್ಲಿಸುತ್ತಿದ್ದರು. ಬಯಲಿನಲ್ಲಿ ಇನ್ನೂ ಅಂಗಾತ ಉಳಿದವೆಲ್ಲ ಅವಿಭಾಜ್ಯ. ಮಕ್ಕಳು ಇದನ್ನು ಕರಟದ ಜರಡಿ ಎನ್ನುತ್ತಿದ್ದರು.

ಒಂದು ಎಚ್ಚರಿಕೆ ಮಾತ್ರ ಬೇಕು. ಬೋರಲು ಬಿದ್ದ ಕರಟವನ್ನು ಮತ್ತೆ ಮಗುಚಬಾರದು. ಹನ್ನೆರಡು ಎರಡರ ಮಗ್ಗಿಯಲ್ಲೂ ಬರುತ್ತದೆ, ಮೂರರ ಮಗ್ಗಿಯಲ್ಲೂ ಬರುತ್ತದೆ. ಎರಡನೇ ಸಲ ಬಂದಾಗ ಮುಟ್ಟಿ ಮುಂದೆ ಹೋಗಬೇಕು. ಮರೆತು ಮಗುಚಿದರೆ ಅದು ಮತ್ತೆ ಅಂಗಾತವಾಗಿ ಅವಿಭಾಜ್ಯರ ಜೊತೆ ಕೂತುಬಿಡುತ್ತದೆ. ಈ ಕಳ್ಳತನ ತೋಂಟದಾರ್ಯರ ಕಣ್ಣಿಗೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಪಾಠಕ್ಕೆ ಮುಂಚೆ ಅವರು ಹಿತ್ತಿಲಿನಲ್ಲಿ ಅಭ್ಯಾಸ ಮಾಡುವಾಗ ಹೆಂಡತಿ ಎದುರು ಕೂತು ವಾದ ಮಾಡುತ್ತಿದ್ದುದು ನಮ್ಮ ಮನೆಗೆ ಕೇಳುತ್ತಿತ್ತು. ಮೀನಾಕ್ಷಮ್ಮ, ಇವರಿಬ್ಬರ ಸರಸವೂ ಲೆಕ್ಕದಲ್ಲೇ ಕಣ್ರೀ ಎಂದು ನಗುತ್ತಿದ್ದಳು.

ಆ ದಿನ ಪರಿವೀಕ್ಷಕರಿಗೂ ಬೆಟ್ಟಸ್ವಾಮಿಗೂ ಬಯಲಿನ ಅಂಚಿನ ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿದ್ದೆವು. ಅತಿಥಿಗಳಿಗೆ ಎಳನೀರು ಕೊಡಿಸುವ ಜವಾಬ್ದಾರಿ ನನ್ನದಾದ್ದರಿಂದ ನಾನೂ ಅಲ್ಲೇ ನಿಂತಿದ್ದೆ. ಪರಿವೀಕ್ಷಕರು ವಯಸ್ಸಾದವರು, ಮಾತು ಕಡಿಮೆ.

ಸರ್ವಮಂಗಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕರಟಗಳ ನಡುವೆ ಬಗ್ಗಿ ಬಗ್ಗಿ ನಡೆದರು. ಎರಡರ ಮಗ್ಗಿಯನ್ನು ಮಕ್ಕಳು ಕೂಗಿದರು, ಆಕೆ ಮಗುಚಿದರು. ಮೂರು. ಐದು. ಏಳಕ್ಕೆ ಬಂದಾಗ ಹೆಚ್ಚು ಕೆಲಸ ಉಳಿದಿರಲಿಲ್ಲ. ನಲವತ್ತೊಂಬತ್ತು, ಎಪ್ಪತ್ತೇಳು, ತೊಂಬತ್ತೊಂದು, ಮೂರೇ ಹೊಸದಾಗಿ ಬೋರಲು ಬಿದ್ದವು. ಎಲ್ಲ ಸರಿಯಾಗಿತ್ತು. ಮುಗಿಯಿತಲ್ಲ ಎಂದು ನಾನು ಉಸಿರು ಬಿಟ್ಟೆ.

ಆಕೆ ನಿಲ್ಲಿಸಲಿಲ್ಲ. ಹನ್ನೊಂದು ಎಂದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹನ್ನೊಂದರ ಮಗ್ಗಿ ಹಿಡಿದರು. ಆಕೆ ಇಪ್ಪತ್ತೆರಡರ ಹತ್ತಿರ ಹೋದರು. ಅದು ಎರಡರ ಮಗ್ಗಿಯಲ್ಲೇ ಬೋರಲು ಬಿದ್ದಿತ್ತು. ಕೈ ಅದನ್ನು ಮಗುಚಿತು. ಅಂಗಾತವಾಯಿತು. ಮೂವತ್ತಮೂರು ಅಂಗಾತವಾಯಿತು. ನಲವತ್ತನಾಲ್ಕು, ಐವತ್ತೈದು. ಆಕೆಯ ಮುಖ ಸಂಜೆ ಗೋಡೆಯ ಹತ್ತಿರ ಇರುತ್ತಿದ್ದಂತೆಯೇ ಇತ್ತು. ಕೂಗುತ್ತಿದ್ದ ಮಕ್ಕಳ ದನಿ ಸಣ್ಣದಾಗುತ್ತಾ ಹೋಗಿ ನಿಂತೇ ಹೋಯಿತು. ಆಕೆ ಒಬ್ಬರೇ ತೊಂಬತ್ತೊಂಬತ್ತರ ತನಕ ಹೋದರು. ಬಯಲಿನಲ್ಲಿ ಓರೆಯಾಗಿ ಒಂದು ಸಾಲು ಕರಟ ಬಾಯಿ ತೆರೆದುಕೊಂಡು ಬಿದ್ದಿತ್ತು. ನನ್ನಂಥ ಲೆಕ್ಕಗೇಡಿಗೂ ಇಪ್ಪತ್ತೆರಡು ಅವಿಭಾಜ್ಯವಲ್ಲ ಎಂದು ಗೊತ್ತು. ಬೆಟ್ಟಸ್ವಾಮಿ ಗಂಟಲು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. ಹೋಯ್ತು ಎಂದುಕೊಂಡೆ.

ಆಕೆ ಹದಿಮೂರು ಎನ್ನುವುದಕ್ಕೆ ಬಾಯಿ ತೆರೆದಾಗ ಪರಿವೀಕ್ಷಕರು ಎದ್ದು ಕರಟದ ಸಾಲಿನ ತನಕ ಹೋದರು. ಬೈಯಲಿಲ್ಲ.

"ಎಲ್ಲಿ ತನಕ ಹೋಗ್ತೀರಿ ತಾಯಿ?" ಎಂದರು.

ಅವರ ಪ್ರಶ್ನೆ ಆಕೆಯನ್ನು ತಲುಪುವುದಕ್ಕೆ ಹೊತ್ತು ಹಿಡಿಯಿತು. ಆಮೇಲೆ ಹಿಂತಿರುಗಿ ಆ ಓರೆ ಸಾಲನ್ನು ನೋಡಿದರು. ನೋಡುತ್ತಲೇ ನಿಂತರು. ನಿಧಾನವಾಗಿ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತೊಂಬತ್ತೊಂದರ ಕರಟದ ಬೆನ್ನಿನ ಮೇಲೆ ಕೈಯಿಟ್ಟು ಮಕ್ಕಳನ್ನು ಹತ್ತಿರ ಕರೆದರು.

"ಇದ್ರಲ್ಲಿ ಹದಿಮೂರು ಐತೆ" ಎಂದರು. "ಆದ್ರೆ ಹದಿಮೂರು ಒಂದೇ ಬರಕಾಗಲ್ಲ. ಏಳನ್ನ ಜೊತೆಗೆ ಕರ್ಕಂಡೇ ಬರಬೇಕು. ಹದಿಮೂರೇಳ್ಲಿ ತೊಂಬತ್ತೊಂದು. ಆ ಏಳು ಆಗ್ಲೇ ಬಂದು ಇದನ್ನ ಬೋರಲು ಹಾಕಿ ಹೋಗೈತೆ."

ಮುಂದಿನದನ್ನು ನನಗೂ ತಿಳಿಯುವ ಹಾಗೆ ಹೇಳಿದರು. ಈ ಬಯಲಿನಲ್ಲಿ ಭಾಗವಾಗುವ ಯಾವ ಸಂಖ್ಯೆಯನ್ನೇ ತೆಗೆದುಕೊಳ್ಳಿ, ಅದು ಒಂದಲ್ಲದ ಎರಡು ಸಂಖ್ಯೆಗಳ ಗುಣಲಬ್ಧ. ಎರಡೂ ಹತ್ತಕ್ಕಿಂತ ದೊಡ್ಡವಾದರೆ ಅತಿ ಕಡಿಮೆ ಎಂದರೂ ಹನ್ನೊಂದು ಹನ್ನೊಂದ್ಲಿ ನೂರಿಪ್ಪತ್ತೊಂದು. ಅದು ನಮ್ಮ ಬಯಲಿನ ಆಚೆ. ಹಾಗಾಗಿ ಎರಡರಲ್ಲಿ ಒಂದಾದರೂ ಹತ್ತರೊಳಗೆ ಇರಲೇಬೇಕು. ಹತ್ತರೊಳಗಿನ ಅವಿಭಾಜ್ಯಗಳು ಎರಡು, ಮೂರು, ಐದು, ಏಳು ಅಷ್ಟೆ. ಆ ಚಿಕ್ಕದು ಇವುಗಳಲ್ಲಿ ಒಂದಾಗಿರುತ್ತದೆ, ಇಲ್ಲವೇ ಇವುಗಳಲ್ಲಿ ಒಂದರಿಂದ ಭಾಗವಾಗುತ್ತದೆ. ಈ ನಾಲ್ಕೂ ಮಗ್ಗಿಗಳು ಆದ ಮೇಲೆ ಬೀಳಬೇಕಾದ್ದೆಲ್ಲ ಬಿದ್ದಿರುತ್ತದೆ.

ಪರಿವೀಕ್ಷಕರು ಬಯಲು ಇನ್ನೂರರ ತನಕ ಇದ್ದಿದ್ದರೆ ಎಂದು ಕೇಳಿದರು. ಆಗ ಹನ್ನೊಂದೂ ಬೇಕು, ಹದಿಮೂರೂ ಬೇಕು ಎಂದರು ಆಕೆ. ಹದಿಮೂರು ಹದಿಮೂರ್ಲಿ ನೂರ ಅರವತ್ತೊಂಬತ್ತು, ಅದನ್ನು ಬೀಳಿಸುವುದಕ್ಕೆ ಹದಿಮೂರೇ ಬರಬೇಕು. ಮುಂದಿನದು ಹದಿನೇಳು, ಹದಿನೇಳು ಹದಿನೇಳ್ಲಿ ಇನ್ನೂರ ಎಂಬತ್ತೊಂಬತ್ತು, ಬಯಲು ದಾಟಿತು. ಯಾವುದನ್ನು ಅದರಿಂದಲೇ ಗುಣಿಸಿದರೆ ಗಡಿ ದಾಟುತ್ತದೋ ಅಲ್ಲಿಗೆ ನಿಲ್ಲಿಸಬೇಕು. ಗಡಿಯ ವರ್ಗಮೂಲದ ತನಕ ನೋಡಿದರೆ ಸಾಕು.

"ಹಂಗಾದ್ರೆ ನೀವು ಈಗ ಮಾಡಿದ್ದು?" ಎಂದು ಅವರು ಆ ಓರೆ ಸಾಲು ತೋರಿಸಿದರು. ಕಟುಕ ಎನ್ನಿಸಿತು ನನಗೆ.

"ಅಲ್ಲಿ ಹುಡುಕಕ್ಕೆ ಏನೂ ಉಳಿದಿರಲಿಲ್ಲ ಸಾರ್" ಎಂದರು ಆಕೆ. "ಮುಗಿದಿದ್ದನ್ನ ಮತ್ತೆ ಮಗುಚಿ ಕೆಡಿಸಿದೆ."

ಹಾಗೆಂದವರು ಎದ್ದು, ಇಪ್ಪತ್ತೆರಡರಿಂದ ಹಿಡಿದು ಒಂದೊಂದನ್ನೇ ಬೋರಲು ಹಾಕುತ್ತಾ ಬಂದರು. ತೊಂಬತ್ತೊಂಬತ್ತನ್ನು ಹಾಕಿ, ಮಣ್ಣಾದ ಕೈಯನ್ನು ಸೆರಗಿಗೆ ಒರೆಸಿಕೊಂಡರು.

ಪರಿವೀಕ್ಷಕರು ಎಳನೀರು ಕುಡಿದು, ಬೆಟ್ಟಸ್ವಾಮಿಗೆ ಒಂದೇ ಮಾತು ಹೇಳಿದರು. ಲೆಕ್ಕ ತಪ್ಪದ ಮೇಷ್ಟ್ರುಗಳನ್ನು ಬೇಕಾದಷ್ಟು ನೋಡಿದ್ದೇನೆ, ತಪ್ಪಿದ್ದು ಎಲ್ಲಿ, ಯಾಕೆ ಎಂದು ಮಕ್ಕಳ ಮುಂದೆ ಬಿಡಿಸಿ ಹೇಳಿದವರು ಇವರೇ, ಇವರನ್ನು ಬಿಡಬೇಡಿ ಎಂದರು. ಬೆಟ್ಟಸ್ವಾಮಿ ತಾವೇ ಆರಿಸಿ ತಂದವರ ಹಾಗೆ ಬೀಗಿದರು. ಬೀಗಲಿ ಬಿಡಿ, ಅವತ್ತು ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಕೆಲಸ ಉಳಿಯಿತು ಎಂದು ನಾನೇ ಹೋಗಿ ತಿಳಿಸಿದೆ. ಆಕೆ ಸರಿ ಎಂದು ತಲೆಯಾಡಿಸಿ, ಮಕ್ಕಳ ಜೊತೆ ಕರಟಗಳನ್ನು ಮೂಟೆಗೆ ತುಂಬಿಸುವುದಕ್ಕೆ ಹೋದರು.

ಸಂಜೆ ಮೀನಾಕ್ಷಮ್ಮ ದೀಪ ಹಚ್ಚುತ್ತಿದ್ದಳು. ಹಿತ್ತಿಲ ಗೋಡೆಯ ಹತ್ತಿರ ಆಕೆ ಬಂದು ನಿಂತದ್ದು ಕಾಣಿಸಿತು. ಡಾಕ್ಟರ ಮಾತನ್ನು ಇನ್ನೊಂದು ಸಲ ಹೇಳುವುದಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ನಾನು ಹೋದೆ.

"ಮೇಷ್ಟ್ರೇ, ಮಂಗಳವಾರನೇ..." ಎಂದು ಶುರುಮಾಡಿದರು. ಅಲ್ಲಿಗೇ ನಿಂತರು. ಗೋಡೆಯ ಮೇಲಿಟ್ಟಿದ್ದ ತಮ್ಮ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡರು.

"ಬುಡಿ" ಎಂದರು. "ಅದನ್ನ ಆಗ್ಲೇ ನೋಡಾಯ್ತು."

ಆಮೇಲೆ ಗೋಡೆಗೆ ಹಣೆ ಆನಿಸಿಕೊಂಡು ದೊಡ್ಡ ದನಿಯಲ್ಲಿ ಅತ್ತರು. ಮೀನಾಕ್ಷಮ್ಮ ದೀಪ ಅಲ್ಲೇ ಬಿಟ್ಟು ಓಡಿಬಂದಳು. ಬೀದಿಯ ಆಚೆ ಮನೆಯವರು ಏನಾಯಿತು ಎಂದು ಬಾಗಿಲಿಗೆ ಬಂದು ಕೇಳಿದರು. ತೋಂಟದಾರ್ಯರು ತೀರಿಕೊಂಡರಂತೆ ಎಂದು ನಾನು ಅವರಿಗೆ ಹೇಳಿದೆ.