ಯಾರ ಹಾಳೆಗೂ ಸೇರದ ಏಳು ಸಾಲು

ಒದೀಲಿಯಾಳಿಗೆ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಕೆಲಸಕ್ಕೆ ಸೇರಿದ ಮೇಲೆ ಅಂಟಿಕೊಂಡದ್ದು ಎಂದು ಅವಳ ತಾಯಿ ಹೇಳುತ್ತಿದ್ದಳು. ಮೊದಲು ಹಲ್ಲಿನ ಡಾಕ್ಟರರ ಬಳಿ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದಳು. ಆಗ ಗಡದ್ದಾಗಿ ನಿದ್ದೆ ಬರುತ್ತಿತ್ತು. ಒಂಬತ್ತು ವರ್ಷದ ಹಿಂದೆ ಕೊಯೊಆಕಾನ್ ಬಡಾವಣೆಯ ಈ ಡಬ್ಬಿಂಗ್ ಸ್ಟುಡಿಯೋಗೆ ಬಂದಳು. ಅಲ್ಲಿಂದೀಚೆಗೆ ಮಗುವಿಗೆ ಹಾಲು ಕುಡಿಸುವಾಗಲೂ ಎಲ್ಲೋ ಒಂದು ಸಾಲು ಬಿಟ್ಟುಹೋಗಿದೆ ಅನ್ನಿಸುತ್ತದೆ. ಎರಡು ವರ್ಷದ ಮಗಳು ಒಮ್ಮೆ ಕೆಮ್ಮಿದರೆ ಥರ್ಮಾಮೀಟರ್, ಎರಡು ಸಲ ಕೆಮ್ಮಿದರೆ ತಾಯಿಗೆ ಫೋನು.

ಅವಳ ಕೆಲಸ ಹೊರಗಿನವರಿಗೆ ಹೇಳಿದರೆ ಇಷ್ಟೇನಾ ಅನ್ನುತ್ತಾರೆ. ಒಂದು ಕಂತಿನ ಇಡೀ ಸ್ಕ್ರಿಪ್ಟ್ ಬರುತ್ತದೆ, ಆರುನೂರು ಚಿಲ್ಲರೆ ಸಾಲು. ಪ್ರತಿ ಸಾಲಿಗೂ ಒಂದು ನಂಬರು, ಮಾತು ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಆಡುವ ಪಾತ್ರದ ಹೆಸರು. ನಿರ್ದೇಶಕಿ ಯಾವ ಪಾತ್ರಕ್ಕೆ ಯಾವ ನಟ ಎಂದು ಪಟ್ಟಿ ಕೊಡುತ್ತಾಳೆ. ಒದೀಲಿಯಾ ಅದನ್ನು ನೋಡಿಕೊಂಡು ಒಬ್ಬೊಬ್ಬ ನಟನಿಗೂ ಬೇರೆ ಬೇರೆ ಹಾಳೆ ಬಿಡಿಸಬೇಕು. ಒಬ್ಬನೇ ಮೂರು ಪಾತ್ರ ಮಾಡಿದರೆ ಮೂರರ ಸಾಲುಗಳೂ ಒಂದೇ ಹಾಳೆಯಲ್ಲಿ, ಹೊತ್ತಿನ ಕ್ರಮದಲ್ಲಿ. ನಂಬರು ಮಾತ್ರ ಇಡೀ ಸ್ಕ್ರಿಪ್ಟಿನದ್ದೇ ಉಳಿಯಬೇಕು. ಒಂದು, ಎರಡು ಎಂದು ಹೊಸದಾಗಿ ಹಾಕಿದರೆ ದನಿ ಹಿಡಿಯುವ ಯಂತ್ರದ ಮುಂದೆ ಕೂತ ತಾದೆಯೊಗೆ ಯಾವ ಸಾಲು ಎಲ್ಲಿಯದೆಂದು ತಿಳಿಯುವುದಿಲ್ಲ. ಪ್ರತಿ ಮಾತಿನ ಹಿಂದೆ ಎದುರಿನವರು ಆಡಿದ ಮಾತನ್ನೂ ಸಣ್ಣಕ್ಷರದಲ್ಲಿ ಸೇರಿಸಬೇಕು; ನಟ ಗಾಜಿನ ಕೋಣೆಯಲ್ಲಿ ಒಬ್ಬನೇ ನಿಂತಿರುತ್ತಾನೆ, ಯಾರಿಗೆ ಉತ್ತರ ಕೊಡುತ್ತಿದ್ದೇನೆಂದು ಅವನಿಗೆ ಗೊತ್ತಾಗುವುದು ಆ ಸಣ್ಣಕ್ಷರದಿಂದಲೇ. ಎಲ್ಲ ಹಾಳೆಗಳೂ ಮುಗಿದ ಮೇಲೆ ಒದೀಲಿಯಾ ಸ್ಕ್ರಿಪ್ಟನ್ನು ಮುಂದಿಟ್ಟುಕೊಂಡು, ಹಾಳೆಗೆ ಇಳಿದ ಪ್ರತಿ ನಂಬರಿಗೂ ಗುರುತು ಹಾಕುತ್ತಾಳೆ. ಗುರುತಿಲ್ಲದ ನಂಬರು ಉಳಿಯಬಾರದು. ಉಳಿದರೆ ಪರದೆಯ ಮೇಲೆ ಬಾಯಿ ಆಡುತ್ತದೆ, ದನಿ ಬರುವುದಿಲ್ಲ.

ಆ ಗುರುವಾರ ಬೆಳಿಗ್ಗೆ ಎಂಟಕ್ಕೆ ಟರ್ಕಿ ಧಾರಾವಾಹಿಯ ಕೊನೆಯ ಕಂತಿನ ಹೊಸ ಪ್ರತಿ ಬಂತು. ಮೊದಲು ಕಳಿಸಿದ್ದರಲ್ಲಿ ಒಂದೆರಡು ದೃಶ್ಯ ಕತ್ತರಿಸಿದ್ದರು, ಹೊತ್ತೆಲ್ಲ ಹಿಂದೆ ಸರಿದಿತ್ತು. ಹತ್ತು ಗಂಟೆಗೆ ದೊನ್ ಎವಾರಿಸ್ತೊ ಬರುವವರಿದ್ದರು. ಎಪ್ಪತ್ತೊಂದು ವರ್ಷದ ಅವರು ಆರು ವರ್ಷದಿಂದ ಆ ಧಾರಾವಾಹಿಯ ಮುದಿ ಕ್ಯಾಪ್ಟನ್‌ಗೆ ದನಿ ಕೊಟ್ಟವರು. ಅವರ ಗಂಟಲಲ್ಲಿ ಗಂಟು. ಅದೇ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಸೇರಬೇಕು, ಶುಕ್ರವಾರ ಬೆಳಿಗ್ಗೆ ಆಪರೇಷನ್. ಆಮೇಲೆ ಮೂರು ವಾರ ಮಾತಿಲ್ಲ. ಮಾತು ಬಂದರೂ ಇದೇ ದನಿ ಬರುತ್ತದೆಂದು ಡಾಕ್ಟರು ಭರವಸೆ ಕೊಟ್ಟಿರಲಿಲ್ಲ. ಕಂತು ಸೋಮವಾರ ಒಪ್ಪಿಸಬೇಕಿತ್ತು.

ಹಾಗಾಗಿ ಒದೀಲಿಯಾ ಮಿಕ್ಕ ಹತ್ತು ನಟರನ್ನು ಪಕ್ಕಕ್ಕಿಟ್ಟು ಅವರ ಹಾಳೆಯನ್ನೇ ಮೊದಲು ಬಿಡಿಸಿದಳು. ಕ್ಯಾಪ್ಟನ್ ಎಂಬ ಹೆಸರಿರುವ ಸಾಲುಗಳನ್ನೆಲ್ಲ ಹೆಕ್ಕಿದಳು. ಎಪ್ಪತ್ತನಾಲ್ಕು ಸಾಲು. ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದಳು, ಅವರ ಕಣ್ಣು ಮಂಜು.

ಹತ್ತಕ್ಕೆ ಬಂದ ದೊನ್ ಎವಾರಿಸ್ತೊ ಒಂದೊಂದನ್ನೂ ಒಂದೇ ಸಲಕ್ಕೆ ಹೇಳಿ ಮುಗಿಸುತ್ತ ಹೋದರು. 598ನೆಯ ಸಾಲಿನಲ್ಲಿ ಮಾತ್ರ ತಡೆದರು.

"'ಅವತ್ತು ಫೋನ್ ಮಾಡಿದ್ದು ನಾನೇ' ಅಂತಿದೆ. ಯಾವ ಫೋನಮ್ಮಾ ಅಂಪಾರೊ? ನನ್ನ ಹಾಳೇಲಿ ಫೋನೇ ಇಲ್ವಲ್ಲ."

"ಯಾವುದೋ ಹಳೇ ಕಂತಿಂದು ಇರ್ಬೇಕು ಮಾಸ್ತರೇ," ಎಂದಳು ನಿರ್ದೇಶಕಿ ಅಂಪಾರೊ, ಗಡಿಯಾರ ನೋಡುತ್ತ. "ಹೇಳ್ಬಿಡಿ, ನಿಮ್ಮ ಗಂಟಲು ದಣೀಬಾರ್ದು."

ಅವರು ಹೇಳಿದರು. ಹನ್ನೆರಡೂವರೆಗೆ ಮಗಳು ಸೊಕೊರ್ರೊ ಕಾರು ತಂದಳು. ಹೊರಡುವಾಗ ದೊನ್ ಎವಾರಿಸ್ತೊ ಒದೀಲಿಯಾಳ ಮೇಜಿನ ಮೇಲೆ ಅರ್ಧ ತಿಂದಿಟ್ಟಿದ್ದ ಜೋಳದ ತಮಾಲ್ ಕಡುಬು ನೋಡಿ, "ಬೆಳಗಿಂದ ಅದೇನಾ? ತಿನ್ನು ಮಗಳೇ, ನನಗಂತೂ ಬರೀ ಸೂಪು," ಎಂದು ಹೋದರು.

ಒಂದು ಗಂಟೆಗೆ ಹನ್ನೊಂದನೆಯ ಹಾಳೆ ಮುಗಿಯಿತು. ಗುರುತು ಹಾಕತೊಡಗಿದಳು. 88ಕ್ಕೆ ಗುರುತಿಲ್ಲ. 90, 91, 93ಕ್ಕೂ ಇಲ್ಲ. ಮುಂದೆ 214, 216, 217. ಏಳೂ ಸಾಲಿಗೆ ಪಾತ್ರದ ಹೆಸರು 'ಫೋನಿನಲ್ಲಿ ದನಿ' ಎಂದಿತ್ತು. ಅಂಪಾರೊಳ ಪಟ್ಟಿಯಲ್ಲಿ ಅದರ ಎದುರಿನ ಚೌಕ ಖಾಲಿ. ಯಾರೆಂದು ಆಮೇಲೆ ನೋಡೋಣ ಎಂದು ಬಿಟ್ಟಿದ್ದು, ಬಿಟ್ಟೇ ಹೋಗಿತ್ತು.

ಫೋನಿನ ಆ ದನಿ ಕ್ಯಾಪ್ಟನ್‌ನದೇ ಎಂದು ಸಾರುವ 598ನ್ನು ಒದೀಲಿಯಾ ಬೆಳಿಗ್ಗೆ ತನ್ನ ಕೈಯಾರೆ ದೊನ್ ಎವಾರಿಸ್ತೊ ಅವರ ಹಾಳೆಗೆ ಇಳಿಸಿದ್ದಳು. ಅವರು ಬಾಯಿಬಿಟ್ಟು ಕೇಳಿಯೂ ಇದ್ದರು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಯಾರಿಗೂ ಹೇಳದೆ ಮನೆಗೆ ಹೋಗಿಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದಳು. ಆಮೇಲೆ ಹಾಳೆ ಹಿಡಿದು ಅಂಪಾರೊ ಎದುರು ನಿಂತಳು.

ಅಂಪಾರೊ ಎರಡು ಸಲ ಓದಿದಳು. ಕಿರುಚಲಿಲ್ಲ, ಕಿರುಚಿದ್ದರೇ ವಾಸಿ ಅನ್ನಿಸಿತು ಒದೀಲಿಯಾಳಿಗೆ.

"ನಟ ರೂಬೆನ್ ಇದಾನಲ್ಲ, ಅವನು ಮಾಸ್ತರ ದನಿ ಅಣಕಿಸ್ತಾನೆ. ಫೋನ್ ದನಿ ತಾನೇ, ಯಾರಿಗೆ ಗೊತ್ತಾಗುತ್ತೆ?"

"ಅವರಿಗೆ ಗೊತ್ತಾಗುತ್ತೆ."

"ಅವರು ಆಸ್ಪತ್ರೇಲಿರ್ತಾರೆ ಕಣೇ."

"ಮೂರು ವಾರ ಮಾತಾಡೋ ಹಾಗಿಲ್ಲ, ಟೀವಿ ನೋಡ್ದೆ ಇನ್ನೇನ್ ಮಾಡ್ತಾರೆ? ಕೊನೇ ಕಂತು. ತಮ್ಮ ಕ್ಯಾಪ್ಟನ್ ಬಾಯಲ್ಲಿ ಇನ್ನೊಬ್ಬರ ದನಿ ಕೇಳ್ಬೇಕಾ? ಆಮೇಲೆ ಅವರ ದನಿ ಬರ್ದೇ ಹೋದ್ರೆ?" ಒದೀಲಿಯಾ ಇಷ್ಟು ಉದ್ದ ಮಾತನ್ನು ಅಂಪಾರೊ ಎದುರು ಯಾವತ್ತೂ ಆಡಿರಲಿಲ್ಲ.

"ಚಿತ್ರ ಈ ಕಟ್ಟಡ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ, ಗೊತ್ತಲ್ಲ? ಅವರ ಹತ್ರಾನೇ ಹೋದ್ರೂ ಚಿತ್ರ ಇಲ್ದೆ ಹೇಗೆ ಹೇಳಿಸ್ತೀಯ?"

ಗಾಜಿನ ಆಚೆಯಿಂದ ತಾದೆಯೊ ತಲೆ ಹಾಕಿದ. "ಫೋನ್ ದನಿ ಅಂದ್ರಲ್ಲಾ, ಬಾಯಿ ಎಲ್ಲೂ ಕಾಣಲ್ಲ. ತುಟಿ ಕೂರ್ಸೋದೇ ಬೇಡ, ಅಳತೆ ಕೂತ್ರೆ ಸಾಕು. ನಾನು ಹೆಂಗೂ ದನೀನ ಫೋನ್ ಥರಾನೇ ಕೆಡಿಸ್ಬೇಕು. ಇವಳ ಮೊಬೈಲಲ್ಲಿ ಹಿಡಿದ್ರೂ ನಡಿಯುತ್ತೆ."

ಅಂಪಾರೊ ಕೈಬೀಸಿದಳು. "ಬರೀ ಈ ಏಳರ ಹಾಳೆ ತಗೊಂಡ್ಹೋಗು. ಬೇರೆ ಒಂದು ಚೂರೂ ಅಲ್ಲ. ಸಿಕ್ಕದಿದ್ರೆ ರೂಬೆನ್."

ಓಡು ಓಡು ಎಂದು ಜೀವ ಬಡಿದುಕೊಳ್ಳುತ್ತಿದ್ದರೂ ಒದೀಲಿಯಾ ಓಡಲಿಲ್ಲ. ತಾದೆಯೊ ಪಕ್ಕ ಕೂತು ಏಳೂ ಸಾಲನ್ನು ಹೊಸ ಚಿತ್ರದ ಮೇಲೆ ಅಳೆದಳು. ದೃಶ್ಯ ಹಿಂದೆ ಮುಂದೆ ಸರಿದರೆ ಸಾಲಿನ ಉದ್ದ ಬದಲಾಗುವುದಿಲ್ಲ. ಆದರೆ ಸಾಲಿನ ಮಧ್ಯವೇ ಕತ್ತರಿ ಬಿದ್ದಿದ್ದರೆ? ಆರು ಸಾಲು ಸರಿಯಿದ್ದವು. 217ಕ್ಕೆ ಮಾತ್ರ ಕತ್ತರಿ ಬಿದ್ದಿತ್ತು. ಮೊದಲು ಐದು ಸೆಕೆಂಡಿತ್ತು, ಈಗ ನಾಲ್ಕು. ಸ್ಕ್ರಿಪ್ಟಿನಲ್ಲಿ ಮುಗಿಯುವ ಹೊತ್ತನ್ನು ಯಾರೂ ತಿದ್ದಿರಲಿಲ್ಲ. ಅವಳು ಪೆನ್ನಿನಲ್ಲಿ ತಿದ್ದಿದಳು.

ಟ್ಲಾಲ್ಪಾನ್ ರಸ್ತೆಯಲ್ಲಿ ಟ್ಯಾಕ್ಸಿ ಇರುವೆಯ ಹಾಗೆ ಹರಿಯಿತು. ಸೊಕೊರ್ರೊ ಮೂರನೆಯ ಸಲಕ್ಕೆ ಫೋನೆತ್ತಿದಳು. ಅಪ್ಪ ಮಗಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿ ನಾಲ್ಕಾಗಲೆಂದು ಕಾಯುತ್ತಿದ್ದರು. ಒದೀಲಿಯಾ ಇಳಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ.

ಸೊಕೊರ್ರೊ ಕಾರಿನ ಬಾಗಿಲಿಗೆ ಅಡ್ಡ ನಿಂತಿದ್ದಳು. "ಸ್ಟುಡಿಯೋದಿಂದ ಬಂದ್ಮೇಲೆ ಒಂದು ಮಾತೂ ಆಡ್ಬೇಡಿ ಅಂದಿದಾರೆ ಡಾಕ್ಟ್ರು. ನಿಮ್ಮ ತಪ್ಪಿಗೆ ನಮ್ಮಪ್ಪನ ಗಂಟ್ಲು ಬೇಕಾ?"

"ತಪ್ಪು ನಂದೇ. ಏಳೇ ಸಾಲು. ಕಿರುಚೋದೊಂದೂ ಇಲ್ಲ."

ಕಿಟಕಿ ಇಳಿಯಿತು. ದೊನ್ ಎವಾರಿಸ್ತೊ ಮೆಲ್ಲಗೆ ಕೇಳಿದರು. "ಫೋನ್ ಸಿಕ್ತಾ?"

ಒದೀಲಿಯಾ ತಲೆಯಾಡಿಸಿದಳು. ಹಾಳೆಯನ್ನು ಕಿಟಕಿಯತ್ತ ಚಾಚಿದಳು.

"ನಾನು ಹೇಳ್ಲಿಲ್ವಾ! ಆ ಅಂಪಾರೊಗೆ ಗಡಿಯಾರದ ಮೇಲೇ ಕಣ್ಣು. ಸೊಕೊರ್ರೊ, ಬಿಡೇ. ಡಾಕ್ಟ್ರ ಹತ್ರ ನಾನೇ ಬೈಸ್ಕೋತೀನಿ. ಹಿಂದೆ ಕೂತ್ಕೊ ಮಗಳೇ, ಕಿಟಕಿ ಏರ್ಸು, ಹೊರಗಿನ ಸದ್ದು ಬರ್ದ ಹಾಗೆ ನಿನ್ನ ಕೋಟು ಗಾಜಿಗೆ ಒತ್ತಿ ಹಿಡಿ."

ಸೊಕೊರ್ರೊಳ ಮೊಬೈಲು ಸೆಕೆಂಡು ಎಣಿಸುವುದಕ್ಕೆ, ಒದೀಲಿಯಾಳದು ದನಿ ಹಿಡಿಯುವುದಕ್ಕೆ. ಕೆಂಪು ಚುಕ್ಕಿ ಹೊತ್ತಿಕೊಂಡಿದೆಯೇ ಎಂದು ಪ್ರತಿ ಸಾಲಿಗೆ ಮೊದಲೂ ನೋಡಿದಳು, ಆಮೇಲೂ ನೋಡಿದಳು. ಎದುರು ಮಾತು ಓದಲು ಬೇರೆ ಯಾರೂ ಇರಲಿಲ್ಲ. ಸಣ್ಣಕ್ಷರದಲ್ಲಿದ್ದ ನಾಯಕಿಯ ಮಾತನ್ನು ಅವಳೇ ಓದಿದಳು. ದನಿ ಕಂಪಿಸಿತು.

"ಯಾರು ಮಾತಾಡ್ತಿರೋದು?"

"ಯಾರಾದ್ರೇನು. ಸೇತುವೆ ಹತ್ರ ಹೋಗ್ಬೇಡ," ಎಂದರು ಅವರು. ಕಾರಿನೊಳಗೆ ಕ್ಯಾಪ್ಟನ್ ಬಂದು ಕೂತ ಹಾಗಾಯಿತು. ಎರಡು ಸೆಕೆಂಡು, ಚಾಚೂ ತಪ್ಪದೆ. ಆಮೇಲೆ ಒದೀಲಿಯಾಳತ್ತ ತಿರುಗಿ ಕಣ್ಣು ಮಿಟುಕಿಸಿದರು. "ನೀನು ಹೀಗೇ ನಡುಗ್ತಾ ಓದು. ಆ ಹುಡುಗೀನೂ ಹೆದರಿದಾಳಲ್ಲ."

ಆರು ಸಾಲು ಕೂತವು. 214ರ ಹಿಂದೆ ಯಾವುದೋ ಕಾರು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೇಳಿಸಲು ಒದೀಲಿಯಾಳಿಗೆ ಬಾಯಿ ಬರಲಿಲ್ಲ. ಅವರ ಕೈ ಆಗಲೇ ಗಂಟಲ ಮೇಲಿತ್ತು.

217: 'ನಾನು ಬರೋದಿಲ್ಲ ಅಂತ ಹೇಳು ಅವಳಿಗೆ. ಬಂದ್ರೂ ಆ ಬಾಗಿಲು ನಂಗೆ ತೆಗೆಯಲ್ಲ.' ಹೇಳಿದರು. ಐದು ಸೆಕೆಂಡು.

"ಉದ್ದ ಆಯ್ತು ಮಾಸ್ತರೇ. ಈಗ ಬರೀ ನಾಲ್ಕೇ ಇದೆ."

ಅವರು ಮತ್ತೆ ಬಾಯಿ ತೆರೆದರು. ಮಾತಿನ ಬದಲು ಕೆಮ್ಮು ಬಂತು. ನಿಲ್ಲಲೇ ಇಲ್ಲ. ಸೊಕೊರ್ರೊ ನೀರಿನ ಬಾಟಲಿ ಚಾಚಿ, ಕನ್ನಡಿಯಲ್ಲಿ ಒದೀಲಿಯಾಳನ್ನು ನೋಡಿದ ನೋಟಕ್ಕೆ ಅವಳು ಸೀಟಿನಲ್ಲೇ ಕುಗ್ಗಿದಳು. ಈ ಕೆಮ್ಮಿನಲ್ಲಿ ಏನಾದರೂ ಹರಿದುಬಿಟ್ಟಿದ್ದರೆ? ನಾಳೆ ಡಾಕ್ಟರು ಬೆಳಕು ಹಿಡಿದು ನೋಡಿ, ಇದೇನು ಮಾಡಿಕೊಂಡಿರಿ ಎಂದರೆ? ಸಾಕು, ಆರೇ ಸಾಕು ಎನ್ನಬೇಕೆಂದುಕೊಂಡಳು.

ದೊನ್ ಎವಾರಿಸ್ತೊ ಒಂದು ಗುಟುಕು ನೀರು ಕುಡಿದರು. ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಒಂದು ಪದ ಹೊಡೆದುಹಾಕಿ ಇನ್ನೊಂದನ್ನು ಮೊಟಕು ಮಾಡಿದರು. ಒಂದೇ ಬೆರಳೆತ್ತಿ ತೋರಿಸಿದರು, ಇನ್ನೊಂದೇ ಸಲ ಎಂಬಂತೆ.

"ನಾನು ಬರಲ್ಲ ಅಂತ ಹೇಳು ಅವಳಿಗೆ. ಆ ಬಾಗಿಲು ನಂಗೆ ತೆಗೆಯಲ್ಲ."

ಕೊನೆಯ ಪದ ಒಡೆದು, ಬರೀ ಉಸಿರಾಗಿ ಹೊರಬಂತು. ಸೆಕೆಂಡಿನ ಅಂಕಿ ನಾಲ್ಕು ಮುಟ್ಟಿರಲಿಲ್ಲ. ಅವರು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲು ತೆಗೆದರು. ಲಿಫ್ಟಿನವರೆಗೂ ಸೊಕೊರ್ರೊ ಅವರ ತೋಳು ಹಿಡಿದೇ ನಡೆದಳು, ಹಿಂದೆ ನೋಡಲಿಲ್ಲ.

ಸಂಜೆ ತಾದೆಯೊ ಏಳನ್ನೂ ಅವುಗಳ ಹೊತ್ತಿಗೆ ಕೂರಿಸಿದ. ಹಾರ್ನ್ ಕೇಳಿ ನಕ್ಕ. "ಬೀದಿಯಿಂದ ಫೋನ್ ಮಾಡ್ತಿದಾನೆ ಅನ್ಕೋತಾರೆ. ಇರ್ಲಿ ಬಿಡು." ಅಂಪಾರೊ 217ನ್ನು ಎರಡು ಸಲ ಕೇಳಿಸಿಕೊಂಡಳು. "ಅವರು ಕೇಳ್ದಾಗ ನಾನೇ ನಿಲ್ಲಿಸ್ಬೇಕಿತ್ತು," ಎಂದು ಪರದೆಯ ಕಡೆಗೇ ಮುಖ ಮಾಡಿ ಹೇಳಿ ಎದ್ದುಹೋದಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಗಳಿಗೆ ಗಂಜಿ ತಿನ್ನಿಸುತ್ತಿದ್ದಾಗ ಸೊಕೊರ್ರೊಳ ಸಂದೇಶ ಬಂತು. ತೆರೆಯಲು ಒದೀಲಿಯಾಳ ಬೆರಳು ಒಪ್ಪಲಿಲ್ಲ. ಚಮಚ ಕೆಳಗಿಟ್ಟಳು, ಮಗಳು ಕಿರುಚಿಕೊಂಡಳು.

'ಅಪ್ಪನ್ನ ಈಗ ಒಳಗೆ ಕರ್ಕೊಂಡ್ಹೋದ್ರು. ಹೋಗೋ ಮುಂಚೆ ಚೀಟೀಲಿ ಬರ್ಕೊಟ್ರು, ನಿಮಗೆ ಕಳಿಸ್ಬೇಕಂತೆ. 217 ಕೂತ್ಕೊಂತಾ?'

ಗಂಟಲು ಹೇಗಿದೆ, ಕೆಮ್ಮಿಗೆ ಡಾಕ್ಟರು ಏನಂದರು, ನನ್ನನ್ನು ಬೈದುಕೊಂಡರೇ ಎಂದೆಲ್ಲ ಕೇಳಬೇಕೆನಿಸಿತು. ಕೇಳುವ ಧೈರ್ಯ ಬರಲಿಲ್ಲ. 'ಮೂರು ಸೆಕೆಂಡು, ಇಪ್ಪತ್ತು ಫ್ರೇಮು, ನಾಲ್ಕರ ಒಳಗೇ. ಕೂತ್ಕೊಂತು ಅಂತ ಹೇಳಿ' ಎಂದು ಬರೆದು ಕಳಿಸಿದಳು. ಅವರಿಗೆ ಎಚ್ಚರವಾಗುವುದು ಇನ್ನೆಷ್ಟು ಹೊತ್ತಿಗೋ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೊಬೈಲಿನ ಮೇಲಿಂದ ಕಣ್ಣು ತೆಗೆಯದೆ, ತಣ್ಣಗಾದ ಗಂಜಿಯನ್ನೇ ತಿನ್ನಿಸುತ್ತ ಕಾದಳು.