ಮನೆಗೆಲಸ ಅಂತ ಬರೆದುಕೊಂಡ ಕೇಸು

ಸಾವಿರದ ಒಂಬೈನೂರ ನಲವತ್ತರ ಆಚೀಚೆ ಕೊಲ್ಹಾಪುರದ ಒಂದು ದವಾಖಾನೆಯಲ್ಲಿ ನಾನು ಹೊಸ ಅಸಿಸ್ಟಂಟ್ ಡಾಕ್ಟರು. ತಿಂಗಳಿಗೊಮ್ಮೆ ಸುತ್ತಲಿನ ಊರುಗಳ ಡಾಕ್ಟರುಗಳು ಸೇರುತ್ತಿದ್ದರು. ಒಬ್ಬರು ಒಂದು ಕೇಸು ಓದಬೇಕು. ಆ ಸಲ ಪಾಳಿ ನನ್ನದು. ಚೆನ್ನಾಗಿ ಓದಿದರೆ ಕೆಲಸ ಪರ್ಮನೆಂಟ್ ಆಗುವ ಮಾತಿತ್ತು.

ಹುಪರಿಯ ಹೆಣ್ಣುಮಗಳೊಬ್ಬಳ ಕೇಸು. ಕೈ ನಡುಕ, ವಸಡಿನಲ್ಲಿ ರಕ್ತ, ಬಾಯಿತುಂಬ ಜೊಲ್ಲು, ಸಣ್ಣ ಮಾತಿಗೂ ಅಳು. ಉದ್ಯೋಗ ಕೇಳಿದರೆ, "ಏನಿಲ್ರಿ, ಮನಿಗೆಲಸ" ಅಂದಿದ್ದಳು. ಹಾಗೇ ಬರೆದುಕೊಂಡು, ನರ್ವ್ಸ್ ಅಂತ ಒಂದು ವಾರ ನರ ತಣಿಸುವ ಬ್ರೋಮೈಡ್ ಔಷಧಿ ಕೊಟ್ಟೆ. ಆಮೇಲೆ ತಿಳಿಯಿತು, ಗಂಡ ಮನೆಯಲ್ಲೇ ಬೆಳ್ಳಿ ಒಡವೆಗೆ ಬಂಗಾರ ಹಿಡಿಸುತ್ತಾನೆ. ಬಂಗಾರಕ್ಕೆ ಪಾದರಸ ಬೆರೆಸಿ ಹಚ್ಚಿ, ಕಾಸಿ ಪಾದರಸ ಹಾರಿಸುವುದು. ಆ ಹೊಗೆಯಲ್ಲೇ ಇವಳು ರೊಟ್ಟಿ ಬಡಿಯುತ್ತಿದ್ದಳು. ಮೂತ್ರದ ಪರೀಕ್ಷೆಯಲ್ಲೂ ಪಾದರಸ ಸಿಕ್ಕಿತು.

ಕಾನ್ವೆಂಟಿನಲ್ಲಿ ಕದ್ದು ಡಿಟೆಕ್ಟಿವ್ ಕಾದಂಬರಿ ಓದಿದವಳು ನಾನು. ಸಭೆಗೆ ಕೇಸು ಬರೆಯುವಾಗ ಗಂಡನ ಕಸುಬನ್ನು ಕೊನೆಯ ಸಾಲಿಗಿಟ್ಟೆ. ಬ್ರೋಮೈಡಿನ ವಾರ ಬರೆಯಲೇ ಇಲ್ಲ.

ನಮ್ಮ ಹಿರಿಯ ಡಾಕ್ಟರರು ಇಚಲಕರಂಜಿಯ ಜೈನರ ಮನೆಯವರು. ಎಲ್ಲರ ಜೊತೆ ಇಂಗ್ಲಿಷ್, ನನ್ನ ಜೊತೆ ಕನ್ನಡ. ನಾನು ಬರೆದದ್ದನ್ನು ಓದಿ ಕನ್ನಡಕ ತೆಗೆದರು.

"ಕಳ್ಳ ಕಡೀ ಹಾಳ್ಯಾಗ ಸಿಗತಾನಲ್ಲ ತಂಗಿ."

"ಸಸ್ಪೆನ್ಸ್ ಇರಲಿ ಅಂತ, ಸರ್."

"ಕೇಳಾವ್ರು ನಿನ್ನ ಜೋಡಿ ವಿಚಾರ ಮಾಡಬೇಕು. ನೀ ಮುಚ್ಚಿಟ್ರ ಹೆಂಗ ಮಾಡ್ಯಾರು? ಗಂಡನ ಕಸುಬು ಮೊದಲಿಗೇ, ಹಿಸ್ಟರಿಯೊಳಗ ಹೇಳು, ರೋಗದ ಹೆಸರು ಹೇಳಬ್ಯಾಡ. ಆಮ್ಯಾಲ ನೀ ಕಂಡದ್ದು. ಇಲ್ಲದ್ದನ್ನೂ ಹೇಳು: ಕುತ್ತಿಗಿ ಬಾತಿಲ್ಲ, ನಾಡಿ ಜೋರ ಓಡಂಗಿಲ್ಲ. ಅಂದ್ರ ಥೈರಾಯ್ಡ್ ಯಾಕ ಅಲ್ಲ ಅಂತ ಅವರಿಗೇ ತಿಳೀತದ. ಹಂಗ ಒಂದೊಂದ ರೋಗ ತೂಗಿ ನೋಡು." ದವಾಖಾನೆಯ ರಿಜಿಸ್ಟರ್ ತೆರೆದು, "ಮೊದಲನೇ ವಾರ ಎಲ್ಲಿ ಹೋತು?"

ನಾನು ಬ್ರೋಮೈಡ್ ಕೊಟ್ಟದ್ದನ್ನು ಹೇಳಿದೆ.

"ಅದನ್ನ ಬಿಟ್ರ ಕಲಿಯೂದು ಏನ ಉಳೀತು?"

"ಕೆಲಸ ಹೋದರೆ, ಸರ್?"

"ನಾ ಅಲ್ಲೇ ಕುಂತಿರತೇನಿ."

ಎಲ್ಲ ಹೊಸದಾಗಿ ಬರೆದೆ. ಸಭೆಯಲ್ಲಿ ಬ್ರೋಮೈಡಿನ ವಾರವನ್ನೂ ಓದಿದೆ. "ಬ್ರೋಮೈಡ್ ಬಾಟಲಿ ಪೂರಾ ಖಾಲಿ ಮಾಡಿದ್ರೇನ ಡಾಕ್ಟರಬಾಯಿ?" ಅಂತ ಯಾರೋ ಅಂದರು, ಉಳಿದವರು ನಕ್ಕರು. ಕೊನೆಗೆ ಕಲಿತ ಪಾಠ ಒಂದೇ ಓದಿದೆ: ರೋಗಿಯ ಕೆಲಸ ಕೇಳಿದರೆ ಸಾಲದು, ಆ ಮನೆಯೊಳಗೆ ಏನೇನು ನಡೆಯುತ್ತದೆ ಅಂತ ಕೇಳಬೇಕು. ಆ ಹೆಣ್ಣುಮಗಳು ಸುಳಕೂಡ ಅನ್ನುವ ಊರಿನ ತವರಿಗೆ ಹೋದ ಮೇಲೆ ನಡುಕ ನಿಧಾನ ಇಳಿಯಿತು, ಪಾದರಸ ಕಾಸುವ ಒಲೆಯನ್ನು ಗಂಡ ಹಿತ್ತಲಿಗೆ ಒಯ್ದ ಅಂತಲೂ ಹೇಳಿದೆ.

ಗಡಹಿಂಗ್ಲಜದ ವಯಸ್ಸಾದ ಡಾಕ್ಟರೊಬ್ಬರು ಎದ್ದರು. "ನನ್ನ ಕಡೆನೂ ಇಂಥ ನಡುಕದ ಒಬ್ಬಾಕಿ ಅದಾಳ್ರಿ. ಎರಡು ತಿಂಗಳಾತು, ಬ್ರೋಮೈಡೇ ಕೊಡಾಕತ್ತೇನಿ. ಆಕಿ ಮನ್ಯಾಗ ಏನ ನಡೀತೈತಿ, ಕೇಳೇ ಇಲ್ಲ."

ಯಾರೂ ನಗಲಿಲ್ಲ. ಅವರು ನನ್ನ ಹಾಳೆಗಳನ್ನು ಕೇಳಿ ಒಯ್ದರು.

ಕೆಲಸ ಪರ್ಮನೆಂಟ್ ಆಯಿತು. ಮುಂದಿನ ತಿಂಗಳು ಹಾಳೆಗಳು ವಾಪಸ್ ಬಂದವು. ಬ್ರೋಮೈಡಿನ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿತ್ತು: "ನಾನೂ. ಕೇಳಿದೆ. ಆಕೆಯ ಮನೆಯಲ್ಲೂ ಅದೇ ಒಲೆ." ಸರ್‌ಗೆ ತೋರಿಸಿದೆ. ಅವರು ಚಹಾ ತರಿಸಿದರು. ಆ ಹಾಳೆ ಈಗಲೂ ನನ್ನ ಟ್ರಂಕಿನಲ್ಲಿದೆ.