ಹೊರಗೆ ತಣ್ಣಗಿದ್ದ ಪೈಪು

ದೊಡ್ಡಬಳ್ಳಾಪುರದ ನೂಲು ಬಣ್ಣ ಹಾಕುವ ಘಟಕವೊಂದರಲ್ಲಿ ನಾನು ಇಂಜಿನಿಯರ್ ಆಗಿದ್ದೆ. ಯಜಮಾನರು ನೇಕಾರರ ಮನೆಯವರು. ಸೀರೆ ವ್ಯಾಪಾರದಿಂದ ಈ ಕೆಲಸಕ್ಕೆ ಬಂದವರು. ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದವರು ತೂಬಗೆರೆ ಕಡೆಯವರು, ನನಗಿಂತ ಹಿರಿಯರು. ಅವರನ್ನು ನಾನು ಅಣ್ಣ ಅಂತಿದ್ದೆ.

ಬಣ್ಣದ ತೊಟ್ಟಿಯಿಂದ ಹೊರಬೀಳುವ ನೀರು ಸುಡುಸುಡು ಇರುತ್ತದೆ. ಅದರ ಬಿಸಿಯನ್ನು ಚರಂಡಿಗೆ ಬಿಡಬಾರದು ಅಂತ ಶೆಡ್ಡಿನ ಹಿಂದೆ ಒಂದು ವ್ಯವಸ್ಥೆ ಇತ್ತು. ಪೈಪಿನೊಳಗೆ ಪೈಪು. ಒಳಗಿನದರಲ್ಲಿ ಬಣ್ಣದ ಬಿಸಿನೀರು, ಅದರ ಸುತ್ತ ಹೊರಗಿನದರಲ್ಲಿ ಬಾಯ್ಲರಿಗೆ ಹೋಗುವ ತಣ್ಣೀರು. ನೀರು ಬೆರೆಯುವುದಿಲ್ಲ, ಬಿಸಿ ಮಾತ್ರ ಗೋಡೆ ದಾಟುತ್ತದೆ. ಬಾಯ್ಲರಿಗೆ ಅಷ್ಟು ಸೌದೆ ಉಳಿಯುತ್ತಿತ್ತು.

ಒಳಗಿನ ಸ್ಟೀಲ್ ಪೈಪು ಬಣ್ಣದ ನೀರಿನ ಉಪ್ಪಿಗೂ ಆಸಿಡ್ಡಿಗೂ ತೂತು ಬಿದ್ದು, ಒಂದು ಸಲ ಬಾಯ್ಲರ್ ನೀರೇ ಕೆಂಪಾಯಿತು. ನಾನು ರಜೆಯಲ್ಲಿದ್ದಾಗ ಯಜಮಾನರು ಯಾರೋ ವ್ಯಾಪಾರಿಯ ಮಾತು ಕೇಳಿ ದಪ್ಪ ಪ್ಲಾಸ್ಟಿಕ್ ಪೈಪು ಹಾಕಿಸಿಬಿಟ್ಟಿದ್ದರು. ಬಿಸಿಗೂ ತಡೆಯುತ್ತದೆ, ತುಕ್ಕೂ ಹಿಡಿಯಲ್ಲ ಅಂತ. ಎರಡೂ ನಿಜವೇ.

ನಾನು ವಾಪಸು ಬಂದ ಬೆಳಿಗ್ಗೆ ಅಣ್ಣ ಗೇಟಿನಲ್ಲೇ ಸಿಕ್ಕರು. "ಮೇಡಂ, ತಣ್ಣೀರು ಹೆಂಗೆ ಹೋಗ್ತದೋ ಹಂಗೇ ಬರ್ತದೆ. ಪಂಪಿನ ವೇಗ ಜಾಸ್ತಿ ಮಾಡಿ ನೋಡ್ದೆ, ಏನೂ ಇಲ್ಲ. ಒಳಗೆ ನೂಲಿನ ಕಸ ಕಟ್ಕೊಂಡೈತೆ ಅನ್ಸುತ್ತೆ."

ನನಗೂ ಹಾಗೇ ಅನ್ನಿಸಿತು. ಬಿಚ್ಚಿ ನೋಡೋಣ ಅಂದೆವು. ಅವರು ಬಿಸಿನೀರಿನ ವಾಲ್ವುಗಳನ್ನು ಮುಚ್ಚಿ, ಹೊರಗಿನ ತಣ್ಣೀರನ್ನು ಹರಿಯಲು ಬಿಟ್ಟರು. ಹಿಂದಿನಿಂದಲೂ ಅದೇ ರೂಢಿ. ಟೀ ಕುಡಿದು ಬರುವಷ್ಟರಲ್ಲಿ ಒಳಗಿನ ನೀರು ತಣ್ಣಗಾಗಿರುತ್ತಿತ್ತು. ಅವತ್ತೂ ಟೀ ಕುಡಿದೆವು. ಅಣ್ಣ ಹೊರಗಿನ ಪೈಪನ್ನು ಉದ್ದಕ್ಕೂ ಮುಟ್ಟಿ ನೋಡಿದರು. ನಾನೂ ಮುಟ್ಟಿದೆ. ಕೊಳವೆಬಾವಿಯ ನೀರಿನಷ್ಟೇ ತಣ್ಣಗಿತ್ತು.

"ತಣ್ಣಗೈತೆ ಬಿಡಿ," ಅಂದು ಅಣ್ಣ, ಒಳಗಿನ ಪೈಪು ಹೊರಬರುವ ತುದಿಗೆ ಸುತ್ತಿದ್ದ ಹೊದಿಕೆ ತೆಗೆಯದೆ, ಅದರ ಪಕ್ಕದ ಜೋಡಣೆಗೆ ಸ್ಪ್ಯಾನರ್ ಹಾಕಿ ಸಡಿಲಿಸಿದರು.

ನೇರಳೆ ಬಣ್ಣದ ನೀರು ಹಬೆಯಾಡುತ್ತಾ ಅವರ ಎರಡೂ ಕೈ ಮೇಲೆ ಸುರಿಯಿತು. ಅವರು ಸ್ಪ್ಯಾನರ್ ಬಿಟ್ಟು, ಏನಾಯಿತೆಂದು ತಿಳಿಯದವರಂತೆ ಕೈಗಳನ್ನೇ ನೋಡುತ್ತಾ ನಿಂತರು. ನಾನು ಪೈಪನ್ನೇ ನೋಡಿದೆ. ಕ್ಷಣದ ಹಿಂದೆ ನನ್ನ ಅಂಗೈಗೆ ತಣ್ಣಗೆ ತಾಗಿದ್ದ ಪೈಪು ಅದು. ಆಮೇಲೆ ಎಚ್ಚರವಾದಂತಾಗಿ ಅವರನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೈ ಹಿಡಿಸಿದೆ. ತುಂಬಾ ಹೊತ್ತು ಹಿಡಿಸಿದೆ. ಯಾರೋ ಹಲ್ಲಿನ ಪೇಸ್ಟ್ ಹಚ್ಚಲು ಬಂದರು, ಬೇಡವೆಂದೆ. ಬಣ್ಣ ಇಳಿದ ಮೇಲೆ ಚರ್ಮದ ಮೇಲೆ ಬೊಬ್ಬೆ ಏಳುವುದು ಕಾಣಿಸಿತು.

"ವಾಲ್ವ್ ಮುಚ್ಚಿದ್ನಲ್ಲ ಮೇಡಂ," ಅಂತ ಆಸ್ಪತ್ರೆಯ ದಾರಿಯುದ್ದಕ್ಕೂ ಅದನ್ನೇ ಹೇಳಿದರು.

ಮಧ್ಯಾಹ್ನ ವಾಪಸು ಬಂದು ಪೈಪನ್ನು ನೋಡಿದೆ. ಕಸವೇ ಇರಲಿಲ್ಲ. ಒಳಗೆ ಹೊಸದರಂತೆ ನುಣ್ಣಗಿತ್ತು. ಇಷ್ಟು ದಿನ ಬಿಸಿನೀರು ಸರಾಗವಾಗಿ ಬಂದು, ಬಿಸಿಯಾಗೇ ಆಚೆ ಹೋಗುತ್ತಿತ್ತು. ಕೂತು ಲೆಕ್ಕ ಹಾಕಿದೆ. ಬಿಸಿ ದಾಟಲು ಮೂರು ಅಡ್ಡಿ: ಒಳಗಿನ ನೀರಿನದು, ಗೋಡೆಯದು, ಹೊರಗಿನ ನೀರಿನದು. ಸ್ಟೀಲಿನಲ್ಲಿ ಗೋಡೆಯ ಅಡ್ಡಿ ಎಷ್ಟು ಸಣ್ಣದೆಂದರೆ, ಕಾಲೇಜಿನಲ್ಲಿ ಅದನ್ನು ಕೈಬಿಟ್ಟೇ ಲೆಕ್ಕ ಮಾಡಿದ್ದೆವು. ಈ ಪ್ಲಾಸ್ಟಿಕ್ಕೋ ಸ್ಟೀಲಿಗಿಂತ ಹತ್ತಾರು ಪಟ್ಟು ಕಡಿಮೆ ಶಾಖ ಬಿಡುವಂಥದ್ದು, ಮೇಲೆ ದಪ್ಪ ಬೇರೆ. ಒಟ್ಟು ಅಡ್ಡಿಯಲ್ಲಿ ಗೋಡೆಯದೇ ಹತ್ತಿರ ಹತ್ತಿರ ಎಲ್ಲಾ. ಪಂಪಿನ ವೇಗ ಹೆಚ್ಚಿಸಿದರೆ ನೀರಿನ ಕಡೆಯ ಅಡ್ಡಿ ಇಳಿಯುತ್ತದೆ, ಅದು ಮೊದಲೇ ಇದ್ದೂ ಇಲ್ಲದ ಹಾಗಿತ್ತು. ವಾಲ್ವ್ ಮುಚ್ಚಿದ ಮೇಲೆ ಒಳಗೆ ನಿಂತ ನೀರಿನ ಬಿಸಿಗೂ ಅದೇ ಗೋಡೆ. ಥರ್ಮಾಸ್ ಫ್ಲಾಸ್ಕಿನ ಹಾಗೆ ಕಾಪಾಡಿಕೊಂಡಿತ್ತು.

ಯಜಮಾನರಿಗೆ ಹೇಳಿದರೆ ನಂಬಲಿಲ್ಲ. "ಬಿಸಿಗೆ ತಡೀತದೆ ಅಂದ್ರಲ್ಲ?"

"ಕರಗದೆ ತಡೀತದೆ ಸಾರ್. ಬಿಸಿಯನ್ನೂ ತಡೀತದೆ."

ಪೈಪಿನ ಎರಡು ತುಂಡು ತರಿಸಿ, ಅಡಿ ಮುಚ್ಚಿ, ಎರಡಕ್ಕೂ ಕುದಿನೀರು ಹಾಕಿ, ಕೂಡಲೇ ಮುಟ್ಟಿ ನೋಡಿ ಅಂದೆ. ಸ್ಟೀಲಿನದನ್ನು ಅವರು ಮುಟ್ಟಿದ್ದೇ ಕೈ ಕಿತ್ತುಕೊಂಡರು. ಪ್ಲಾಸ್ಟಿಕ್ಕಿನದನ್ನು ಹಿಡಿದೇ ನಿಂತರು. ಒಳಗಿಂದ ಹಬೆ ಏಳುತ್ತಿತ್ತು, ಮುಖಕ್ಕೆ ತಾಗುತ್ತಿತ್ತು. ಮೆಲ್ಲಗೆ ಅದನ್ನು ಮೇಜಿನ ಮೇಲಿಟ್ಟು, "ಕೈ ಸುಟ್ಕೊಂಡೋರ ಮನೆಯವರಿಗೆ, ತಪ್ಪು ನಂದು ಅಂತ ನಾನೇ ಹೋಗಿ ಹೇಳ್ತೀನಿ," ಅಂದು ಎದ್ದರು.

ತೆಳು ಗೋಡೆಯ, ಉಪ್ಪಿಗೆ ಜಗ್ಗದ ಸ್ಟೀಲು ಬಂತು. ತುದಿಗೆ ನೀರಿಳಿಸುವ ವಾಲ್ವು, ಒಳನೀರಿಗೊಂದು, ಬಾಯ್ಲರಿಗೆ ಹೋಗುವ ನೀರಿಗೊಂದು ಥರ್ಮಾಮೀಟರು ಹಾಕಿಸಿದೆವು. ಅಣ್ಣ ವಾಸಿಯಾಗಿ ಬಂದರು. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹೊಸ ಪೈಪಿನಿಂದ ಬಂದ ಬೆಚ್ಚನೆ ನೀರಿಗೆ ಕೈಯೊಡ್ಡಲು ಹೋದವರು, ಅರ್ಧಕ್ಕೇ ನಿಲ್ಲಿಸಿ, "ಎಷ್ಟೈತೆ ನೋಡಿ ಹೇಳಿ ಮೇಡಂ," ಅಂದರು.